ಗಲ್ಲಿಯ ಹೈಡ್ರಂಟ್ ಮತ್ತು ಒಂದು ಪುಟದ ದೂರು

ಕಿರಿದಾದ ಗಲ್ಲಿಯಲ್ಲಿ ಹೈಡ್ರಂಟ್ ಮುಚ್ಚಿಹೋಗಿದೆ ಎಂದು ನಿವಾಸಿಯೊಬ್ಬರು ಅಗ್ನಿಶಾಮಕ ಠಾಣೆಗೆ ಬರೆಯುವ ಪತ್ರ ಒಂದು ಪುಟ ಮೀರಬೇಕಾಗಿಲ್ಲ. ಆದರೆ ಆ ಒಂದು ಪುಟ ಮೂರು ಕಚೇರಿಗಳ ಮೇಜು ದಾಟಬೇಕಾಗುತ್ತದೆ. ಬೆಂಕಿ ಬಿದ್ದಾಗ ಹೈಡ್ರಂಟ್‌ನಿಂದ ನೀರು ತೆಗೆಯುವವರು ಅಗ್ನಿಶಾಮಕ ಸಿಬ್ಬಂದಿ. ಹೈಡ್ರಂಟ್ ಕೂತಿರುವ ಪೈಪು ಬೆಂಗಳೂರಿನಲ್ಲಾದರೆ ಜಲಮಂಡಳಿಯದು, ಬೇರೆ ಊರುಗಳಲ್ಲಿ ಸಾಮಾನ್ಯವಾಗಿ ನಗರಸಭೆ ಅಥವಾ ಪುರಸಭೆಯ ನೀರು ಸರಬರಾಜು ವಿಭಾಗದ್ದು. ಅದರ ಮುಚ್ಚಳದ ಮೇಲೆ ಡಾಂಬರು ಹಾಕಿದ್ದು ರಸ್ತೆ ನೋಡಿಕೊಳ್ಳುವ ವಿಭಾಗ. ಡಾಂಬರಿನ ಮೇಲೆ ಸಾಲಾಗಿ ನಿಂತ ಸ್ಕೂಟರುಗಳು ಸಂಚಾರ ಪೊಲೀಸರ ಲೆಕ್ಕಕ್ಕೆ ಬರುತ್ತವೆ. ‘ಹೈಡ್ರಂಟ್ ಬ್ಲಾಕ್ ಆಗಿದೆ, ದಯವಿಟ್ಟು ಕ್ರಮ ಕೈಗೊಳ್ಳಿ’ ಎಂದಷ್ಟೇ ಬರೆದ ಪತ್ರ ಈ ಕಚೇರಿಗಳ ನಡುವೆ ಎಲ್ಲೋ ನಿಂತುಹೋಗುತ್ತದೆ. ಅಡ್ಡಿ ಯಾವ ಬಗೆಯದು, ಅದನ್ನು ತೆಗೆಯುವ ಅಧಿಕಾರ ಯಾರಿಗಿದೆ ಎಂಬುದನ್ನು ಬಿಡಿಸಿ ಹೇಳುವ ಪತ್ರ ಮಾತ್ರ ಮುಂದಕ್ಕೆ ಹೋಗುತ್ತದೆ.

ಹೈಡ್ರಂಟ್ ಎಂದರೆ ಊರಿನ ನೀರಿನ ಕೊಳವೆಯಿಂದ ಅಗ್ನಿಶಾಮಕ ಹೋಸಿಗೆ ನೇರವಾಗಿ ನೀರು ಕೊಡುವ ವಾಲ್ವು. ನಮ್ಮಲ್ಲಿ ಅದು ಎರಡು ರೂಪದಲ್ಲಿದೆ. ಒಂದು, ನೆಲದ ಮೇಲೆ ನಿಲ್ಲುವ ಕಂಬದಂಥದು. ಕೆಂಪು ಬಳಿದ ಎರಕದ ಕಬ್ಬಿಣದ ಗೂಟ, ಪಕ್ಕದಲ್ಲಿ ಹೋಸು ಸಿಕ್ಕಿಸುವ ಬಾಯಿ, ಬಾಯಿಗೆ ಸರಪಳಿ ಕಟ್ಟಿದ ಮುಚ್ಚಳ. ಎರಡನೆಯದು ನೆಲದಡಿಯದು. ರಸ್ತೆಯ ಅಂಚಿನಲ್ಲಿ ಇಟ್ಟಿಗೆ ಕಟ್ಟಿದ ಪುಟ್ಟ ಗುಂಡಿ, ಅದರೊಳಗೆ ವಾಲ್ವು, ಮೇಲೆ ರಸ್ತೆಯ ಮಟ್ಟಕ್ಕೆ ಕೂರುವ ಕಬ್ಬಿಣದ ಮುಚ್ಚಳ. ಭಾರತೀಯ ಮಾನಕ ಬ್ಯೂರೋದಲ್ಲಿ ಇವೆರಡಕ್ಕೂ ಬೇರೆ ಬೇರೆ ಮಾನಕಗಳಿವೆ: ಕಂಬದ ಬಗೆಗೆ ಐಎಸ್ 908, ನೆಲದಡಿಯದಕ್ಕೆ ಐಎಸ್ 909. ನೆಲದಡಿಯ ಹೈಡ್ರಂಟ್ ಬಳಸಬೇಕಾದರೆ ಸಿಬ್ಬಂದಿ ಮೊದಲು ಮುಚ್ಚಳ ಎತ್ತಿ, ಒಳಗಿನ ಬಾಯಿಗೆ ಸ್ಟ್ಯಾಂಡ್‌ಪೈಪ್ ಎಂಬ ನಿಲುಗೊಳವೆ ಸಿಕ್ಕಿಸಿ, ಉದ್ದ ಹಿಡಿಯ ಕೀಲಿಯಿಂದ ವಾಲ್ವು ತಿರುಗಿಸಬೇಕು. ಗಾಡಿ ಓಡಾಟಕ್ಕೆ ಇದು ಅಡ್ಡ ಬರುವುದಿಲ್ಲವೆಂಬ ಕಾರಣಕ್ಕೆ ಇಕ್ಕಟ್ಟಾದ ಜಾಗಕ್ಕೆ ನೆಲದಡಿಯದೇ ವಾಸಿ ಅನಿಸುತ್ತದೆ. ಕಣ್ಮರೆಯಾಗುವುದೂ ಇದೇ ಬೇಗ. ಎರಡು ಸಲ ಡಾಂಬರು ಬಿದ್ದರೆ ಅಲ್ಲೊಂದು ಮುಚ್ಚಳ ಇತ್ತೆಂಬ ಗುರುತೂ ಉಳಿಯುವುದಿಲ್ಲ.

ಇಂಥ ಹೈಡ್ರಂಟ್ ಯಾಕೆ ಬೇಕೆಂಬುದು ಸಣ್ಣ ಲೆಕ್ಕದಲ್ಲಿ ಗೊತ್ತಾಗುತ್ತದೆ. ಸಾಮಾನ್ಯ ಫೈರ್ ಇಂಜಿನ್ನಿನ ಟ್ಯಾಂಕಿನಲ್ಲಿ ಹೆಚ್ಚುಕಡಿಮೆ 4500 ಲೀಟರ್ ನೀರಿರುತ್ತದೆ. 63 ಮಿಲಿಮೀಟರಿನ ಒಂದು ಹೋಸಿನ ಕೊನೆಗೆ ನಾಜಲ್ ಹಾಕಿ ಜೋರಾಗಿ ಹೊಡೆದರೆ ನಿಮಿಷಕ್ಕೆ ಸುಮಾರು 450 ಲೀಟರ್ ಹೋಗುತ್ತದೆ. ಅಂದರೆ ಒಂದು ಹೋಸಿಗೆ ಹತ್ತು ನಿಮಿಷ, ಎರಡು ಹೋಸಿಗೆ ಐದೇ ನಿಮಿಷ. ಬಟ್ಟೆಯ ಗೋದಾಮಿನ ಬೆಂಕಿ ಐದು ನಿಮಿಷಕ್ಕೆ ಆರುವುದಿಲ್ಲ. ಅಷ್ಟರೊಳಗೆ ಎರಡನೆಯ ವಾಹನ ಬರಬೇಕು, ಇಲ್ಲವೇ ಮೊದಲನೆಯದಕ್ಕೆ ಹತ್ತಿರದಲ್ಲೇ ನೀರು ಸಿಗಬೇಕು. ಅಗಲವಾದ ರಸ್ತೆಯಲ್ಲಾದರೆ ಹಿಂದಿನಿಂದ ಟ್ಯಾಂಕರುಗಳು ಬಂದು ಸಾಲು ಹಿಡಿಯುತ್ತವೆ. ಗಲ್ಲಿಯಲ್ಲಿ ಅದಕ್ಕೆ ಎಡೆಯಿಲ್ಲ.

ಹಳೆಯ ಪೇಟೆಯ ಒಂದು ಗಲ್ಲಿಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಬಾಯಿಯಿಂದ ಕೊನೆಯ ಮನೆಯವರೆಗೆ 140 ಮೀಟರ್ ಉದ್ದ. ಬಾಯಲ್ಲಿ 3.2 ಮೀಟರ್ ಅಗಲ, ನಡುವೆ ಮನೆಗಳ ಮೆಟ್ಟಿಲು ಚಾಚಿಕೊಂಡಲ್ಲಿ 2.1 ಮೀಟರ್. ಲಾರಿ ಚಾಸಿಯ ಮೇಲೆ ಕಟ್ಟಿದ ಫೈರ್ ಇಂಜಿನ್ನಿನ ಅಗಲವೇ ಸುಮಾರು ಎರಡೂವರೆ ಮೀಟರ್. ಹಾಗಾಗಿ ಅದು ಗಲ್ಲಿಯ ಬಾಯಲ್ಲೇ ನಿಲ್ಲುತ್ತದೆ. ಕೊನೆಯ ಮನೆಗೆ ಬೆಂಕಿ ಬಿದ್ದರೆ 15 ಮೀಟರಿನ ಹತ್ತು ಹೋಸುಗಳನ್ನು ಒಂದಕ್ಕೊಂದು ಜೋಡಿಸಿ ಎಳೆಯಬೇಕು, ಮಹಡಿ ಹತ್ತಬೇಕಾದರೆ ಇನ್ನೂ ಒಂದೆರಡು. ಇದೇ ಗಲ್ಲಿಯಲ್ಲಿ ಬಾಯಿಯಿಂದ 60 ಮೀಟರ್ ಒಳಗೆ ಒಂದು ಹೈಡ್ರಂಟ್ ಇದ್ದು ಅದು ಕೆಲಸ ಮಾಡುತ್ತಿದ್ದರೆ, ಇಬ್ಬರು ಮೂವರು ಹೊತ್ತು ತರಬಲ್ಲ ಪೋರ್ಟಬಲ್ ಪಂಪನ್ನು ಅಲ್ಲೇ ಇಟ್ಟು ಆರು ಹೋಸುಗಳಲ್ಲಿ ಕೊನೆಯ ಮನೆ ಮುಟ್ಟಬಹುದು. ಹೋಸು ಉದ್ದವಾದಷ್ಟೂ ಒಳಗಿನ ಉಜ್ಜಾಟಕ್ಕೆ ಒತ್ತಡ ಸೋರಿ ನಾಜಲ್ಲಿನಲ್ಲಿ ನೀರು ಮೆತ್ತಗಾಗುತ್ತದೆ. ನಾಲ್ಕು ಹೋಸು ಉಳಿಯಿತೆಂದರೆ ಸಮಯದ ಜೊತೆ ಒತ್ತಡವೂ ಉಳಿಯಿತು.

ಹಾಗೆಂದು ಹೈಡ್ರಂಟ್‌ನಿಂದ ಏನೆಲ್ಲ ಆಗುತ್ತದೆಂದು ಹಿಗ್ಗಿಸಿ ನೋಡಬಾರದು. ಸಿನಿಮಾದಲ್ಲಿ ಕಾಣುವಂತೆ ವಾಲ್ವು ತಿರುಗಿಸಿದ ಕೂಡಲೇ ಮೂರನೇ ಮಹಡಿಗೆ ಚಿಮ್ಮುವ ನೀರು ನಮ್ಮ ಊರುಗಳ ಪೈಪಿನಲ್ಲಿಲ್ಲ. ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿ ಎರಡಂತಸ್ತಿನ ಮನೆಗಳಿರುವ ಕಡೆ ಕೊಳವೆಯಲ್ಲಿ 12 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಉಳಿದಿರಬೇಕು ಎಂದಿತ್ತು. ಫೈರ್ ಇಂಜಿನ್ನಿನ ಪಂಪು ಕೊಡುವುದು ಅದರ ಐದಾರು ಪಟ್ಟು. ಆದ್ದರಿಂದ ಗಲ್ಲಿಯ ಹೈಡ್ರಂಟ್ ಬೆಂಕಿಗೆ ನೇರ ನೀರು ಹೊಡೆಯುವ ಸಾಧನವಲ್ಲ, ಪಂಪಿಗೆ ನೀರು ಉಣಿಸುವ ಮೂಲ. ಇದಕ್ಕಿಂತ ದೊಡ್ಡ ತೊಡಕೆಂದರೆ ನಮ್ಮಲ್ಲಿ ನೀರು ದಿನದ 24 ಗಂಟೆಯೂ ಬರುವುದಿಲ್ಲ. ದಿನ ಬಿಟ್ಟು ದಿನ ಬೆಳಿಗ್ಗೆ ಎರಡು ಮೂರು ಗಂಟೆ ನೀರು ಬಿಡುವ ಬಡಾವಣೆಯಲ್ಲಿ ಉಳಿದ ಹೊತ್ತು ಹೈಡ್ರಂಟ್ ಒಣಗಿರುತ್ತದೆ. ಆಗ ನೀರು ತಿರುಗಿಸಬೇಕಾದವನು ವಾಲ್ವ್‌ಮನ್. ಅವನ ಫೋನ್ ನಂಬರು ಠಾಣೆಯಲ್ಲಿದೆಯೇ ಎಂಬುದು ಹೈಡ್ರಂಟ್ ಸರಿಯಿದೆಯೇ ಎಂಬಷ್ಟೇ ಮುಖ್ಯವಾದ ಪ್ರಶ್ನೆ. ದೂರು ಪತ್ರಗಳಲ್ಲಿ ಇದನ್ನು ಯಾರೂ ಕೇಳುವುದಿಲ್ಲ ಎನ್ನುವುದೇ ಸೋಜಿಗ.

‘ಮುಚ್ಚಿಹೋಗಿದೆ’ ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಮೊದಲನೆಯದು ದಾರಿಯ ಅಡ್ಡಿ. ಹೈಡ್ರಂಟ್ ಸರಿಯಿದೆ, ಆದರೆ ಅದರ ಮೇಲೆ ತಳ್ಳುಗಾಡಿ, ಜಲ್ಲಿ ರಾಶಿ, ಅಂಗಡಿಯ ಚಾಚು ಅಥವಾ ಬೈಕುಗಳ ಸಾಲು ನಿಂತಿದೆ. ಇದನ್ನು ತೆಗೆಯಲು ಹೆಚ್ಚು ಹೊತ್ತು ಬೇಡ, ಆದರೆ ತೆಗೆದದ್ದು ಮರುದಿನ ಬೆಳಿಗ್ಗೆ ಮತ್ತೆ ಬಂದಿರುತ್ತದೆ. ಹೈಡ್ರಂಟ್‌ಗೆ ಅಡ್ಡವಾಗಿ ವಾಹನ ನಿಲ್ಲಿಸಬಾರದೆಂಬುದು 1989ರ ರಸ್ತೆ ನಿಯಮಗಳಲ್ಲೇ ಸ್ಪಷ್ಟವಾಗಿ ಬರೆದಿದ್ದ ಮಾತು. ಆದರೆ ಅಲ್ಲೊಂದು ಹೈಡ್ರಂಟ್ ಇದೆ ಎಂದು ತೋರಿಸುವ ಫಲಕವೇ ಇಲ್ಲದ ಕಡೆ ಬೈಕ್ ನಿಲ್ಲಿಸಿದವನನ್ನು ದೂರುವುದು ಕಷ್ಟ.

ಎರಡನೆಯದು ಯಂತ್ರದ ದೋಷ. ಮುಚ್ಚಳ ಡಾಂಬರಿನಡಿ ಹೂತಿದೆ, ಗುಂಡಿಯೊಳಗೆ ಹೂಳು ತುಂಬಿದೆ, ವಾಲ್ವಿನ ದಂಡ ತುಕ್ಕು ಹಿಡಿದು ತಿರುಗುವುದಿಲ್ಲ, ಅಥವಾ ಹೋಸು ಸಿಕ್ಕಿಸುವ ಬಾಯಿಯ ಹಿಡಿ ಮುರಿದಿದೆ. ಇದಕ್ಕೆ ಗಾರೆ ಕೆಲಸದವನೂ ಬೇಕು, ಪೈಪಿನ ಕೆಲಸದವನೂ ಬೇಕು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಹೊರಗಿನಿಂದ ಕಾಣುವುದೂ ಇಲ್ಲ. ಹೈಡ್ರಂಟ್ ಇದೆ, ಮುಚ್ಚಳ ಏಳುತ್ತದೆ, ವಾಲ್ವು ತಿರುಗುತ್ತದೆ, ನೀರು ಮಾತ್ರ ಇಲ್ಲ. ಹಳೆಯ ಎರಕದ ಕಬ್ಬಿಣದ ಕೊಳವೆಯನ್ನು ಬಿಟ್ಟು ಪಕ್ಕದಲ್ಲಿ ಹೊಸ ಪೈಪು ಎಳೆದಾಗ ಮನೆಗಳ ಸಂಪರ್ಕವನ್ನೆಲ್ಲ ಹೊಸದಕ್ಕೆ ಬದಲಿಸುತ್ತಾರೆ. ನೀರು ಬರಲಿಲ್ಲವೆಂದರೆ ಮನೆಯವರು ಅದೇ ದಿನ ಗಲಾಟೆ ಮಾಡುತ್ತಾರಲ್ಲ. ಹೈಡ್ರಂಟ್‌ನ ಪರವಾಗಿ ಗಲಾಟೆ ಮಾಡುವವರಿಲ್ಲ. ಅದು ಹಳೆಯ, ಬತ್ತಿದ ಕೊಳವೆಯ ಮೇಲೇ ಉಳಿದುಬಿಡುತ್ತದೆ. ಇಂಥ ಸತ್ತ ಹೈಡ್ರಂಟ್ ಇಲ್ಲದ ಹೈಡ್ರಂಟ್‌ಗಿಂತ ಅಪಾಯಕಾರಿ, ಏಕೆಂದರೆ ಸಿಬ್ಬಂದಿ ಅದನ್ನು ನಂಬಿ ಬಂದು ಗುಂಡಿ ತೋಡುವುದರಲ್ಲೇ ಮೊದಲ ಟ್ಯಾಂಕಿನ ಹತ್ತು ನಿಮಿಷ ಕಳೆದುಹೋಗುತ್ತದೆ.

ಈ ಮೂರರಲ್ಲಿ ಯಾವುದೆಂದು ನಿವಾಸಿಗೆ ಎಷ್ಟು ಗೊತ್ತಾಗಬಹುದು? ವಾಲ್ವಿಗೆ ಕೈಹಾಕದೆ ತಿಳಿಯುವಷ್ಟು ಮಾತ್ರ, ಮತ್ತು ಅಷ್ಟು ಸಾಕು. ಹೈಡ್ರಂಟನ್ನು ತಾನೇ ತೆರೆದು ನೋಡುವ ಸಾಹಸ ಬೇಡ. ಒತ್ತಡದಲ್ಲಿರುವ ಬಾಯಿಯ ಮುಚ್ಚಳ ಸಡಿಲಿಸಿದರೆ ಅದು ಹಾರಿ ಬಡಿಯಬಹುದು. ತೆರೆದ ವಾಲ್ವನ್ನು ರಪ್ಪನೆ ಮುಚ್ಚಿದರೆ ಹರಿಯುತ್ತಿದ್ದ ನೀರು ತಟ್ಟನೆ ನಿಂತು ಕೊಳವೆಗೆ ಒಳಗಿನಿಂದ ಹೊಡೆತ ಬೀಳುತ್ತದೆ, ಹಳೆಯ ಪೈಪಿನ ಜೋಡಣೆ ಒಡೆಯಲು ಅದು ಸಾಕು. ನೋಡಬೇಕಾದ್ದು ಬೇರೆ. ಗೋಡೆಯ ಮೇಲೆ ಎಫ್.ಎಚ್. ಎಂದು ಬರೆದ ಹಳೆಯ ಫಲಕವೇನಾದರೂ ಇದೆಯೇ, ಫಲಕದ ನೇರಕ್ಕೆ ರಸ್ತೆಯಲ್ಲಿ ಚೌಕಾಕಾರದ ತಗ್ಗೋ ಉಬ್ಬೋ ಕಾಣುತ್ತದೆಯೇ, ರಸ್ತೆಗೆ ಕೊನೆಯ ಸಲ ಡಾಂಬರು ಬಿದ್ದದ್ದು ಯಾವಾಗ, ಪೈಪ್‌ಲೈನ್ ಬದಲಾದದ್ದು ಯಾವಾಗ. ಕೊನೆಯ ಎರಡಕ್ಕೆ ಉತ್ತರ ಗಲ್ಲಿಯ ಹಿರಿಯರಲ್ಲೂ ವಾಲ್ವ್‌ಮನ್‌ನಲ್ಲೂ ಇರುತ್ತದೆ. ‘ಇದು ಹಳೇ ಲೈನು ಸಾರ್, ಆ ಕಡೆ ಹೊಸದು ಹಾಕಿದ್ಮೇಲೆ ಇದ್ರಲ್ಲಿ ನೀರು ಬಿಡಲ್ಲ’ ಎಂದು ವಾಲ್ವ್‌ಮನ್ ಹೇಳುವ ಒಂದು ವಾಕ್ಯ ಇಡೀ ದೂರಿನ ದಿಕ್ಕನ್ನೇ ಬದಲಿಸುತ್ತದೆ.

ಫೋಟೋ ತೆಗೆಯುವುದರಲ್ಲೂ ಒಂದು ಕ್ರಮವಿದೆ. ಮುಚ್ಚಳದ ಹತ್ತಿರದ ಚಿತ್ರವಷ್ಟೇ ಇದ್ದರೆ ಅದು ಯಾವ ಗಲ್ಲಿಯದಾದರೂ ಆಗಬಹುದು. ಆದ್ದರಿಂದ ಒಂದು ಚಿತ್ರದಲ್ಲಿ ಎದುರು ಮನೆಯ ನಂಬರು ಹಲಗೆ ಕಾಣಬೇಕು. ಇನ್ನೊಂದರಲ್ಲಿ ಅಳತೆ ಟೇಪನ್ನು ಗಲ್ಲಿಗೆ ಅಡ್ಡ ಹಿಡಿದು ಅಗಲ ತೋರಿಸಬೇಕು. ವಾಹನಗಳ ಅಡ್ಡಿಯಾದರೆ ಹೊತ್ತು ಬಹಳ ಮುಖ್ಯ. ಬೆಳಿಗ್ಗೆ ಹನ್ನೊಂದಕ್ಕೆ ಖಾಲಿಯಿರುವ ಜಾಗದಲ್ಲಿ ರಾತ್ರಿ ಹತ್ತರ ಮೇಲೆ ಒಂಬತ್ತು ಬೈಕು ನಿಂತಿರಬಹುದು. ತಪಾಸಣೆಗೆ ಬರುವವರು ಬರುವುದು ಬೆಳಿಗ್ಗೆಯೇ.

ಮೇಲಿನ 140 ಮೀಟರಿನ ಗಲ್ಲಿಯಲ್ಲಿ ನೆಲದಡಿಯ ಹೈಡ್ರಂಟ್ ಡಾಂಬರಿನಡಿ ಹೂತಿದೆ, ಮೇಲೆ ರಾತ್ರಿ ಹೊತ್ತು ಬೈಕು ನಿಲ್ಲುತ್ತವೆ, ಎರಡು ವರ್ಷದ ಹಿಂದೆ ಪೈಪ್‌ಲೈನ್ ಬದಲಾಗಿದೆ ಎಂದಿಟ್ಟುಕೊಂಡರೆ ಪತ್ರ ಹೀಗಿರಬಹುದು. ಅರ್ಜಿಗಳ ವಾಡಿಕೆಯಂತೆ ಎಡಗಡೆ ‘ಇಂದ’ ಎಂದು ಬರೆದು ಅರ್ಜಿದಾರರ ಹೆಸರು, ವಿಳಾಸ, ಫೋನ್ ನಂಬರು. ಕೆಳಗೆ ‘ಗೆ’ ಎಂದು ಬರೆದು ಠಾಣಾಧಿಕಾರಿಗಳು, ಅಗ್ನಿಶಾಮಕ ಠಾಣೆ, ಊರು.

‘ಮಾನ್ಯರೇ,

ವಿಷಯ: ಗಣಪತಿ ಗುಡಿ ಗಲ್ಲಿಯ ಮನೆ ನಂ. 27ರ ಎದುರಿನ ನೆಲದಡಿ ಹೈಡ್ರಂಟ್ ಡಾಂಬರಿನಡಿ ಹೂತಿರುವ ಬಗ್ಗೆ, ಜಂಟಿ ತಪಾಸಣೆ ಕೋರಿ.

ಮೇಲ್ಕಂಡ ಗಲ್ಲಿಯಲ್ಲಿ, ಮುಖ್ಯರಸ್ತೆಯ ಬಾಯಿಯಿಂದ ಸುಮಾರು 60 ಮೀಟರ್ ಒಳಗೆ, ಎಡಬದಿಯಲ್ಲಿ ನೆಲದಡಿಯ ಹೈಡ್ರಂಟ್ ಒಂದಿದೆ. ಮನೆ ನಂ. 27ರ ಗೋಡೆಯ ಮೇಲೆ ಅದರ ಫಲಕ ಈಗಲೂ ಇದೆ. ಕಳೆದ ಫೆಬ್ರವರಿಯಲ್ಲಿ ಗಲ್ಲಿಗೆ ಡಾಂಬರು ಹಾಕಿದಾಗ ಮುಚ್ಚಳ ಪೂರ್ತಿ ಮುಚ್ಚಿಹೋಗಿದೆ. ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಅದರ ಮೇಲೆ ದ್ವಿಚಕ್ರ ವಾಹನಗಳು ನಿಲ್ಲುತ್ತವೆ. ಎರಡು ವರ್ಷದ ಹಿಂದೆ ಗಲ್ಲಿಯ ನೀರಿನ ಕೊಳವೆ ಬದಲಾಗಿದ್ದು, ಹೈಡ್ರಂಟ್ ಹೊಸ ಕೊಳವೆಗೆ ಸೇರಿದೆಯೋ ಇಲ್ಲವೋ ತಿಳಿದಿಲ್ಲ.

ಗಲ್ಲಿಯ ಉದ್ದ 140 ಮೀಟರ್, ಅತಿ ಕಿರಿದಾದ ಕಡೆ ಅಗಲ 2.1 ಮೀಟರ್. ಅಗ್ನಿಶಾಮಕ ವಾಹನ ಒಳಗೆ ಬರಲಾರದು. ಗಲ್ಲಿಯಲ್ಲಿ 38 ಮನೆಗಳೂ ಎರಡು ಬಟ್ಟೆ ಗೋದಾಮುಗಳೂ ಇವೆ. ವಾರದಲ್ಲಿ ಮೂರು ದಿನ ಬೆಳಿಗ್ಗೆ 6ರಿಂದ 8ರವರೆಗೆ ನೀರು ಬರುತ್ತದೆ.

ಆದ್ದರಿಂದ ತಮ್ಮ ಠಾಣೆಯವರು ನೀರು ಸರಬರಾಜು ವಿಭಾಗದ ಎಂಜಿನಿಯರರೊಂದಿಗೆ, ನೀರು ಬರುವ ಹೊತ್ತಿನಲ್ಲಿ, ಸ್ಥಳ ತಪಾಸಣೆ ಮಾಡಿ ಹೈಡ್ರಂಟ್ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಬೇಕೆಂದು ಕೋರುತ್ತೇನೆ. ಚಾಲ್ತಿಯಲ್ಲಿದ್ದರೆ ಮುಚ್ಚಳವನ್ನು ರಸ್ತೆ ಮಟ್ಟಕ್ಕೆ ಎತ್ತಿಸಿ ಸೂಚನಾ ಫಲಕ ಹಾಕಿಸಲೂ, ಇಲ್ಲದಿದ್ದರೆ ಈ ಗಲ್ಲಿಗೆ ಬದಲಿ ನೀರಿನ ಮೂಲ ಯಾವುದೆಂದು ಲಿಖಿತವಾಗಿ ತಿಳಿಸಲೂ ವಿನಂತಿ. ಮೂರು ಫೋಟೋ, ಕೈಬರಹದ ಒಂದು ನಕ್ಷೆ ಲಗತ್ತಿಸಿದೆ.’

ಕೆಳಗೆ ವಂದನೆ, ಸಹಿ, ತಾರೀಖು. ಅದರಡಿ ಪ್ರತಿಗಳು: ನೀರು ಸರಬರಾಜು ವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರರಿಗೆ, ಪಾಲಿಕೆಯ ವಾರ್ಡ್ ಎಂಜಿನಿಯರರಿಗೆ, ಸಂಚಾರ ಪೊಲೀಸ್ ಠಾಣೆಗೆ.

ಈ ಪತ್ರದಲ್ಲಿ ಬೆಂಕಿ ಅನಾಹುತದ ವರ್ಣನೆಯಿಲ್ಲ. ಬೆಂಕಿ ಏನು ಮಾಡುತ್ತದೆಂದು ಓದುವ ಅಧಿಕಾರಿಗೆ ಬರೆಯುವವರಿಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಆ ಗಲ್ಲಿಯ ಅಗಲ, ನೀರು ಬರುವ ಹೊತ್ತು, ಮುಚ್ಚಳ ಯಾವ ಮನೆಯ ಎದುರು ಎಂಬುದು. ನೆರೆಮನೆಯವರ ಹೆಸರೂ ಇಲ್ಲ. ‘ನಂ. 31ರವರು ಬೇಕೆಂದೇ ಬೈಕ್ ನಿಲ್ಲಿಸುತ್ತಾರೆ’ ಎಂದು ಬರೆದ ಕ್ಷಣವೇ ಹೈಡ್ರಂಟ್‌ನ ದೂರು ನೆರೆಯವರ ಜಗಳದ ದೂರಾಗಿ, ಎರಡೂ ಕಡೆಯವರನ್ನು ಕರೆಸಿ ಮಾತಾಡುವ ಬೇರೆಯೇ ಹಾದಿ ಹಿಡಿಯುತ್ತದೆ. ಮುಖ್ಯವಾದ್ದು ಕೊನೆಯ ಪ್ಯಾರಾ. ‘ಕ್ರಮ ಕೈಗೊಳ್ಳಿ’ ಎಂಬ ಕೋರಿಕೆಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಸಾಕಾಗುತ್ತದೆ. ಚಾಲ್ತಿಯಲ್ಲಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಅದು ಸಾಲದು. ಯಾರಾದರೂ ಗುಂಡಿ ತೆರೆದು ನೋಡಲೇಬೇಕು.

ಪತ್ರವನ್ನು ಠಾಣೆಗೆ ಖುದ್ದಾಗಿ ಒಯ್ಯುವುದು ಒಳ್ಳೆಯದು. ಎರಡನೆಯ ಪ್ರತಿಯ ಮೇಲೆ ಠಾಣೆಯ ಮೊಹರು, ತಾರೀಖು ಮತ್ತು ಒಳಬರುವ ಟಪಾಲಿನ ನಂಬರು ಹಾಕಿಸಿಕೊಂಡರೆ ಮುಂದಿನ ಪತ್ರಗಳಿಗೆಲ್ಲ ಅದೇ ಉಲ್ಲೇಖ. ಅಂಚೆಯಲ್ಲಿ ಕಳಿಸುವುದಾದರೆ ತಲುಪಿದ್ದಕ್ಕೆ ಪುರಾವೆ ಸಿಗುವ ಸ್ಪೀಡ್ ಪೋಸ್ಟ್. 101 ಅಥವಾ 112ಕ್ಕೆ ಕರೆ ಮಾಡಿ ಇಂಥ ದೂರು ಹೇಳಬಾರದು, ಆ ನಂಬರುಗಳು ಬೆಂಕಿ ಬಿದ್ದಾಗಿನವು. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಹೈಡ್ರಂಟ್ ಸೋರಿಕೆಯ ದೂರು ಕೊಡಬಹುದು. ಆದರೆ ಹೂತ ಮುಚ್ಚಳದಂಥ ವಿಷಯ ಕಾಗದದಲ್ಲಿದ್ದರೇ ವಾಸಿ.

ಠಾಣೆಗೆ ಬಂದ ಪತ್ರವನ್ನು ಠಾಣಾಧಿಕಾರಿ ಮೊದಲು ತಮ್ಮ ವ್ಯಾಪ್ತಿಯ ನೀರಿನ ಮೂಲಗಳ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಹೈಡ್ರಂಟ್, ಕೆರೆ, ಬಾವಿ, ಈಜುಕೊಳ, ದೊಡ್ಡ ಕಟ್ಟಡಗಳ ಸಂಪು ಇವೆಲ್ಲ ಅವರಿಗೆ ನೀರಿನ ಮೂಲಗಳೇ. ಪಟ್ಟಿಯಲ್ಲಿ ಆ ಗಲ್ಲಿಯ ಹೈಡ್ರಂಟ್ ಇಲ್ಲದಿದ್ದರೆ ಅದೇ ಒಂದು ಸುಳಿವು: ಹಿಂದೆ ಯಾವಾಗಲೋ ಅದು ಲೆಕ್ಕದಿಂದ ಬಿಟ್ಟುಹೋಗಿದೆ. ನಂತರ ಸ್ಥಳಕ್ಕೆ ಸಿಬ್ಬಂದಿ ಬರುತ್ತಾರೆ.

ಪರೀಕ್ಷೆ ನಡೆಯುವುದು ಹೀಗೆ. ಡಾಂಬರನ್ನು ಹಾರೆಯಿಂದ ಕೆತ್ತಿ ಮುಚ್ಚಳ ಬಿಡಿಸುತ್ತಾರೆ, ಗುಂಡಿಯ ಹೂಳು ತೆಗೆಯುತ್ತಾರೆ, ನಿಲುಗೊಳವೆ ಸಿಕ್ಕಿಸಿ ಕೀಲಿಯನ್ನು ನಿಧಾನವಾಗಿ ತಿರುಗಿಸುತ್ತಾರೆ. ಮೊದಲು ಬರುವುದು ತುಕ್ಕಿನ ಕೆಂಪು ನೀರು. ಅದನ್ನು ತಿಳಿಯಾಗುವವರೆಗೆ ಹರಿಯಬಿಡಬೇಕು, ಇಲ್ಲದಿದ್ದರೆ ಕಲ್ಲು ಮಣ್ಣು ಪಂಪಿನೊಳಗೆ ಹೋಗುತ್ತದೆ. ನೀರಿನ ಪ್ರಮಾಣ ತಿಳಿಯಲು ಬೇರೆ ಉಪಕರಣ ಇಲ್ಲದಿದ್ದರೆ 200 ಲೀಟರಿನ ಡ್ರಮ್ಮೇ ಸಾಕು. ಡ್ರಮ್ಮು ಅರ್ಧ ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 400 ಲೀಟರ್. ಖಾಲಿಯಾದ ಟ್ಯಾಂಕು ಹನ್ನೊಂದು ಹನ್ನೆರಡು ನಿಮಿಷದಲ್ಲಿ ಮತ್ತೆ ತುಂಬುತ್ತದೆ, ಒಂದು ಹೋಸು ಹೆಚ್ಚುಕಡಿಮೆ ನಿಲ್ಲದೆ ನಡೆಯುತ್ತದೆ. ಡ್ರಮ್ಮಿಗೆ ಎರಡು ನಿಮಿಷ ಬೇಕಾದರೆ ನಿಮಿಷಕ್ಕೆ 100 ಲೀಟರ್. ಟ್ಯಾಂಕಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಅಷ್ಟು ಕಾಯುವ ಬದಲು ದೂರದ ಟ್ಯಾಂಕರನ್ನೇ ಕರೆಸುವುದು ಮೇಲು. ಇಂಥ ಹೈಡ್ರಂಟನ್ನು ‘ಕೆಲಸ ಮಾಡುತ್ತಿದೆ’ ಎಂದು ವರದಿಯಲ್ಲಿ ಬರೆದರೆ ಅದು ಸುಳ್ಳಲ್ಲ, ಉಪಯೋಗವೂ ಇಲ್ಲ. ತಪಾಸಣೆಯ ಹೊತ್ತಿಗೆ ಅಲ್ಲಿರುವ ನಿವಾಸಿ ಡ್ರಮ್ಮು ತುಂಬಿದ ಸಮಯವನ್ನು ಬರೆದಿಟ್ಟುಕೊಂಡರೆ, ಮುಂದಿನ ಪತ್ರದಲ್ಲಿ ಆ ಒಂದು ಅಂಕಿ ಹತ್ತು ಸಾಲಿನ ಕೆಲಸ ಮಾಡುತ್ತದೆ.

ಅಗ್ನಿಶಾಮಕ ಠಾಣೆಯ ಕೈ ಇಲ್ಲಿಗೆ ಮುಗಿಯುತ್ತದೆ. ಮುಚ್ಚಳ ಎತ್ತರಿಸುವುದು, ವಾಲ್ವು ಬದಲಿಸುವುದು, ಹೊಸ ಕೊಳವೆಗೆ ಸೇರಿಸುವುದು ನೀರು ಸರಬರಾಜಿನವರ ಕೆಲಸ. ಅತಿಕ್ರಮಣ ತೆರವು ಪಾಲಿಕೆಯದು. ಠಾಣಾಧಿಕಾರಿ ಅವರಿಗೆ ಬರೆಯಬಹುದು, ಜಿಲ್ಲಾ ಅಗ್ನಿಶಾಮಕ ಅಧಿಕಾರಿಯ ಮೂಲಕ ಒತ್ತಾಯ ಹೇರಬಹುದು, ಅಷ್ಟೇ. ಆದ್ದರಿಂದಲೇ ಪತ್ರದ ಪ್ರತಿ ಮೊದಲ ದಿನವೇ ಆ ಕಚೇರಿಗಳಿಗೂ ಹೋಗಿರಬೇಕು. ಠಾಣೆಯ ಶಿಫಾರಸು ಅಲ್ಲಿ ತಲುಪುವ ಹೊತ್ತಿಗೆ ಅದೇ ವಿಷಯದ ಒಂದು ಕಡತ ಆಗಲೇ ತೆರೆದಿರುತ್ತದೆ.

ಹೈಡ್ರಂಟ್ ಸತ್ತಿದೆ ಎಂಬ ಉತ್ತರ ಬಂದರೆ ದೂರು ಸೋತಂತೆ ಅಲ್ಲ. ಊರಿನ ನೀರು ಸರಬರಾಜಿನ ಲೆಕ್ಕದಲ್ಲಿ ಬೆಂಕಿಗೆಂದೇ ಒಂದು ಪಾಲಿದೆ. 1999ರ ಕೇಂದ್ರ ಕೈಪಿಡಿಯ ಪ್ರಕಾರ 50 ಸಾವಿರಕ್ಕಿಂತ ಹೆಚ್ಚು ಜನರಿರುವ ಊರಿಗೆ, ಸಾವಿರದ ಲೆಕ್ಕದಲ್ಲಿ ಜನಸಂಖ್ಯೆಯ ವರ್ಗಮೂಲವನ್ನು ನೂರರಿಂದ ಗುಣಿಸಿದಷ್ಟು ಕಿಲೋಲೀಟರ್ ನೀರು ಅಗ್ನಿಶಮನಕ್ಕೆಂದು ಇರಬೇಕು. ಒಂದು ಲಕ್ಷ ಜನರ ಊರಿಗೆ ಇದು 1000 ಕಿಲೋಲೀಟರ್, ಅಂದರೆ 10 ಲಕ್ಷ ಲೀಟರ್. ಇದರ ಮೂರನೇ ಒಂದು ಭಾಗ ಮೇಲ್ತೊಟ್ಟಿಗಳಲ್ಲಿ, ಉಳಿದದ್ದು ಊರಿನ ಆಯಕಟ್ಟಿನ ಜಾಗಗಳ ನೆಲತೊಟ್ಟಿಗಳಲ್ಲಿರುವುದು ಒಳ್ಳೆಯದೆಂದೂ ಅದೇ ಕೈಪಿಡಿ ಹೇಳುತ್ತದೆ. ದಿನ ಬಿಟ್ಟು ದಿನ ನೀರು ಬರುವ ಪೇಟೆಗೆ ಹೈಡ್ರಂಟ್‌ಗಿಂತ ಇಂಥ ತೊಟ್ಟಿಯೇ ಹೆಚ್ಚು ನಂಬಿಕೆಗೆ ಅರ್ಹ. ಕೊಳವೆ ಒಣಗಿದ್ದಾಗಲೂ ಅದರಲ್ಲಿ ನೀರಿರುತ್ತದೆ. ಗಲ್ಲಿಯ ಬಾಯಲ್ಲಿ ಕಲ್ಯಾಣ ಮಂಟಪವೋ ಆಸ್ಪತ್ರೆಯೋ ಇದ್ದು ಅದರ ಸಂಪಿನಲ್ಲಿ 50 ಸಾವಿರ ಲೀಟರ್ ನೀರಿದ್ದರೆ, ಅದು ಹನ್ನೊಂದು ಫೈರ್ ಇಂಜಿನ್ನುಗಳಷ್ಟು ನೀರು. ಸಂಪಿನ ಮುಚ್ಚಳ ಎಲ್ಲಿದೆ, ರಾತ್ರಿ ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಠಾಣೆಯ ಪಟ್ಟಿಗೆ ಸೇರಿಸಿದರೆ ಹೈಡ್ರಂಟ್‌ನ ಕೊರತೆ ಒಂದು ಮಟ್ಟಕ್ಕೆ ತುಂಬಿದಂತೆ. ಸತ್ತ ಹೈಡ್ರಂಟ್‌ನ ಫಲಕವನ್ನು ಮಾತ್ರ ಗೋಡೆಯಿಂದ ಕಿತ್ತು ತೆಗೆಸಬೇಕು.

ನೀರಿದ್ದರೆ ಎಲ್ಲವೂ ಆಯಿತೆಂದಲ್ಲ. 2019ರ ಡಿಸೆಂಬರ್ 8ರ ನಸುಕಿನಲ್ಲಿ ದೆಹಲಿಯ ಅನಾಜ್ ಮಂಡಿಯ ಇಕ್ಕಟ್ಟಾದ ಓಣಿಯೊಂದರ ಕಟ್ಟಡಕ್ಕೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ 43 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರ ಉಸಿರು ಕಟ್ಟಿಸಿದ್ದು ಹೊಗೆ. ಓಣಿಯ ಅಗಲ ರಕ್ಷಣೆಯ ಕೆಲಸಕ್ಕೇ ಅಡ್ಡಿಯಾಗಿತ್ತು. ಗಲ್ಲಿಯ ದೂರು ಬರೆಯುವಾಗ ಹೈಡ್ರಂಟ್‌ನ ಜೊತೆಗೆ ಗೋದಾಮಿನ ಮೇಲೆ ಜನ ಮಲಗುತ್ತಾರೆಯೇ, ಕಿಟಕಿಗೆ ತೆಗೆಯಲಾಗದ ಸರಳುಗಳಿವೆಯೇ ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸುವುದು ಅಧಿಕಪ್ರಸಂಗವಲ್ಲ. ಬೆಂಕಿಯ ಕರೆ ಬಂದಾಗ ಠಾಣೆಗೆ ಮೊದಲು ಬೇಕಾಗುವ ಮಾಹಿತಿಯೇ ಅದು.

ತಿಂಗಳು ಕಳೆದರೂ ಉತ್ತರ ಬಾರದಿದ್ದರೆ ಮುಂದಿನ ಹೆಜ್ಜೆ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದಲ್ಲಿ ಅದಕ್ಕೆ 10 ರೂಪಾಯಿ ಶುಲ್ಕ; ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕೆಂಬುದು ರಾಜ್ಯದ ನಿಯಮ; ಉತ್ತರಕ್ಕೆ 30 ದಿನ. ಇಲ್ಲಿ ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬಾರದು. ಅದು ಕಾರಣ ಕೇಳುವ ಪ್ರಶ್ನೆ, ದಾಖಲೆ ಕೇಳುವುದಲ್ಲ, ಹಾಗೆಂದೇ ವಾಪಸು ಬರಬಹುದು. ಇಂಥ ತಾರೀಖಿನ ಇಂಥ ಟಪಾಲು ನಂಬರಿನ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಗಳ ಪ್ರತಿ, ಆ ಗಲ್ಲಿಯ ಹೈಡ್ರಂಟ್‌ನ ಕೊನೆಯ ತಪಾಸಣೆಯ ವರದಿಯ ಪ್ರತಿ ಎಂದು ಕಾಗದವನ್ನೇ ಹೆಸರಿಸಿ ಕೇಳಬೇಕು. ಅಂಥ ವರದಿಯೇ ಇಲ್ಲವೆಂಬ ಉತ್ತರ ಬಂದರೂ ಅದೊಂದು ದಾಖಲೆ. ಜಿಲ್ಲಾ ಅಗ್ನಿಶಾಮಕ ಅಧಿಕಾರಿಗೆ ಬರೆಯುವ ಎರಡನೆಯ ಪತ್ರಕ್ಕೆ ಅದನ್ನು ಲಗತ್ತಿಸಬಹುದು.

ದುರಸ್ತಿಯಾದ ಮೇಲೂ ಒಂದು ಕಾಗದ ಬಾಕಿಯಿರುತ್ತದೆ. ಮುಚ್ಚಳ ಎತ್ತರಿಸಿದ ತಾರೀಖು, ಪರೀಕ್ಷೆಯಲ್ಲಿ ನಿಮಿಷಕ್ಕೆ ಬಂದ ನೀರು, ವಾಲ್ವ್‌ಮನ್‌ನ ನಂಬರು ಠಾಣೆಯ ಪಟ್ಟಿಗೆ ಸೇರಿದೆಯೇ ಎಂಬುದನ್ನು ಖಚಿತಪಡಿಸುವಂತೆ ಕೇಳುವ ನಾಲ್ಕು ಸಾಲಿನ ಪತ್ರ. ಅದರ ಪ್ರತಿಯನ್ನು ಪಾಲಿಕೆಯ ವಾರ್ಡ್ ಎಂಜಿನಿಯರರಿಗೂ ಕೊಟ್ಟು, ಮುಂದಿನ ಸಲ ಗಲ್ಲಿಗೆ ಡಾಂಬರು ಹಾಕುವ ಗುತ್ತಿಗೆಯ ಕೆಲಸದ ಪಟ್ಟಿಯಲ್ಲಿ ಮನೆ ನಂ. 27ರ ಎದುರಿನ ಮುಚ್ಚಳವನ್ನು ಹೊಸ ರಸ್ತೆಯ ಮಟ್ಟಕ್ಕೆ ಎತ್ತರಿಸುವುದನ್ನೂ ಸೇರಿಸಬೇಕೆಂದು ಕೋರಬೇಕು.